ಗ್ಯಾಲರಿಯ ಪಾಲನ್ನೂ ಸೇರಿಸಿ ಚಿತ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ಜನವರಿಯ ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಒಂದು ಅಕ್ರಿಲಿಕ್ ಚಿತ್ರಕ್ಕೆ 21,000 ರೂಪಾಯಿ ಎಂದು ಚೀಟಿ ಅಂಟಿಸಿದೆ ಎಂದುಕೊಳ್ಳಿ. ಎರಡು ತಿಂಗಳ ನಂತರ ಅದೇ ಕಲಾವಿದೆಯ, ಅಷ್ಟೇ ಅಳತೆಯ ಇನ್ನೊಂದು ಚಿತ್ರ ನಗರದ ಗ್ಯಾಲರಿಯೊಂದರ ಗೋಡೆಯ ಮೇಲಿದೆ. ಅಲ್ಲಿ ಅದರ ಬೆಲೆ 35,000. ಎರಡನ್ನೂ ನೋಡಿದ ಕೊಳ್ಳುಗರಿಗೆ ಗ್ಯಾಲರಿ ಸುಲಿಗೆ ಮಾಡುತ್ತಿದೆ ಎನ್ನಿಸುತ್ತದೆ. ಮುಂದಿನ ಸಲ ಅವರು ಗ್ಯಾಲರಿಯಲ್ಲಿ ಚಿತ್ರ ನೋಡಿ, ಮೊಬೈಲ್‌ನಲ್ಲಿ ಕಲಾವಿದೆಯ ಸಂಖ್ಯೆ ಹುಡುಕಿ, ನೇರವಾಗಿ ಕರೆ ಮಾಡುತ್ತಾರೆ. ಇದು ತಿಳಿದ ದಿನ ಗ್ಯಾಲರಿಯವರು ಆ ಕಲಾವಿದೆಯ ಚಿತ್ರಗಳನ್ನು ಗೋಡೆಯಿಂದ ಇಳಿಸುತ್ತಾರೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಕಲಾವಿದೆ ಮೊದಲು ತನ್ನ ಕೈಗೆ ಬರಬೇಕಾದ ಹಣವನ್ನೇ ಚಿತ್ರದ ಬೆಲೆ ಎಂದುಕೊಂಡರು, ಗ್ಯಾಲರಿ ಬಂದಾಗ ಅದರ ಪಾಲನ್ನು ಮೇಲೆ ಪೇರಿಸಿದರು. ಬೆಂಗಳೂರಿನಲ್ಲಿ ಈಗಷ್ಟೇ ಚಿತ್ರ ಮಾರಲು ಶುರುಮಾಡಿರುವವರ ಬೆಲೆಪಟ್ಟಿ ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ಚಿತ್ರಕ್ಕೆ ಒಂದೇ ಬೆಲೆ ಇರಬೇಕು. ಸಂತೆಯಲ್ಲಿ, ಮನೆಯ ಸ್ಟುಡಿಯೋದಲ್ಲಿ, ಗ್ಯಾಲರಿಯಲ್ಲಿ ಎಲ್ಲೇ ಮಾರಿದರೂ ಅದೇ ಬೆಲೆ. ಗ್ಯಾಲರಿಯ ಮುಖವನ್ನೇ ಇನ್ನೂ ನೋಡದಿದ್ದರೂ, ಮಾರಿಕೊಡುವವರ ಪಾಲು ಆ ಬೆಲೆಯ ಒಳಗೆ ಮೊದಲ ದಿನದಿಂದಲೇ ಇರಬೇಕು. ಅಳತೆ, ಮಾಧ್ಯಮ, ಅನುಭವ ಎಲ್ಲವೂ ಈ ಒಂದು ಮಾತಿನ ಸುತ್ತ ಕೂಡಿಕೊಳ್ಳುತ್ತವೆ.

ಕಮಿಷನ್ ಲೆಕ್ಕವನ್ನೇ ಮೊದಲು ನೋಡೋಣ, ಏಕೆಂದರೆ ಇಲ್ಲಿ ಒಂದು ಸಣ್ಣ ಗಣಿತದ ತಪ್ಪು ತುಂಬಾ ಜನರ ಹಣ ತಿನ್ನುತ್ತದೆ. ಮಾರಾಟವಾದರೆ ಮಾತ್ರ ಪಾಲು ಕೊಡುವ ಒಪ್ಪಂದದಲ್ಲಿ ಗ್ಯಾಲರಿಗಳು ಸಾಮಾನ್ಯವಾಗಿ ಶೇ 30ರಿಂದ 50ರವರೆಗೆ ಕೇಳುತ್ತವೆ. ಶೇ 40 ಎಂದಿಟ್ಟುಕೊಳ್ಳೋಣ. ನಿಮ್ಮ ಕೈಗೆ 30,000 ಬರಬೇಕು ಎಂದರೆ ಅನೇಕರು 30,000ಕ್ಕೆ ಅದರ ಶೇ 40 ಆದ 12,000 ಸೇರಿಸಿ 42,000 ಎಂದು ಬರೆಯುತ್ತಾರೆ. ಆದರೆ ಗ್ಯಾಲರಿ ಶೇ 40 ತೆಗೆದುಕೊಳ್ಳುವುದು ಮಾರಾಟದ ಬೆಲೆಯ ಮೇಲೆ. 42,000ದ ಶೇ 40 ಎಂದರೆ 16,800. ಕೈಗೆ ಬರುವುದು 25,200. ನಿರೀಕ್ಷೆಗಿಂತ 4,800 ಕಡಿಮೆ.

ಸರಿಯಾದ ದಾರಿ ಭಾಗಾಕಾರ. ಶೇ 40 ಅವರಿಗೆ ಹೋದರೆ ನಿಮಗೆ ಉಳಿಯುವುದು ಶೇ 60. ಹಾಗಾಗಿ ಕೈಗೆ ಬರಬೇಕಾದ ಮೊತ್ತವನ್ನು 0.60ರಿಂದ ಭಾಗಿಸಬೇಕು.

```
30,000 ÷ 0.60 = 50,000
```

50,000ಕ್ಕೆ ಮಾರಿದರೆ ಗ್ಯಾಲರಿಗೆ 20,000, ನಿಮಗೆ 30,000. ಕಮಿಷನ್ ಶೇ 50 ಆದರೆ 0.50ರಿಂದ ಭಾಗಿಸಿದರಾಯಿತು, ಅಂದರೆ ಎರಡರಷ್ಟು.

ಹಾಗಾದರೆ ಕೈಗೆ ಎಷ್ಟು ಬರಬೇಕು? ಇದಕ್ಕೆ ಉತ್ತರ ಕಂಡುಕೊಳ್ಳದೆ ಮುಂದೆ ಹೋಗುವಂತಿಲ್ಲ. ಒಂದು ಉದಾಹರಣೆಯನ್ನೇ ಹಿಡಿದು ಕೊನೆಯವರೆಗೂ ಸಾಗೋಣ. ಚಿತ್ರಕಲೆಯಲ್ಲಿ ಪದವಿ ಮುಗಿಸಿ ಆರೇಳು ವರ್ಷವಾಗಿರುವ ಕಲಾವಿದೆ. ಹಲವು ಸಮೂಹ ಪ್ರದರ್ಶನಗಳಲ್ಲಿ ಭಾಗವಹಿಸಿದ್ದಾರೆ, ಒಂದು ಏಕವ್ಯಕ್ತಿ ಪ್ರದರ್ಶನವಾಗಿದೆ. ಅವರು ಹೆಚ್ಚಾಗಿ ಬಿಡಿಸುವ ಅಳತೆ 24 ಇಂಚು ಅಗಲ, 36 ಇಂಚು ಎತ್ತರ. ಮಾಧ್ಯಮ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್. ಕ್ಯಾನ್ವಾಸ್, ಅದನ್ನು ಬಿಗಿಯುವ ಮರದ ಚೌಕಟ್ಟು, ಬಣ್ಣ, ವಾರ್ನಿಷ್ ಎಲ್ಲ ಸೇರಿ 5,000 ಖರ್ಚು. ಕೆಲಸ 40 ಗಂಟೆ. ಗಂಟೆಗೆ 300ರಂತೆ 12,000. ಸ್ಟುಡಿಯೋ ಕೋಣೆಯ ಬಾಡಿಗೆ, ವಿದ್ಯುತ್ ಬಿಲ್‌ಗಳಲ್ಲಿ ಈ ಚಿತ್ರದ ಪಾಲು 2,000. ಒಟ್ಟು 19,000. ಅಂಕಿಗಳು ಉದಾಹರಣೆಗಾಗಿ ಇಟ್ಟವು, ನಿಮ್ಮವು ಬೇರೆಯಿರುತ್ತವೆ. ಲೆಕ್ಕದ ದಾರಿ ಮಾತ್ರ ಇದೇ.

ಈ 19,000 ಕನಿಷ್ಠ ಮೊತ್ತ. ಇದಕ್ಕಿಂತ ಕಡಿಮೆ ಬಂದರೆ ಆ ಚಿತ್ರ ಬಿಡಿಸಿದ್ದರಿಂದ ಕಲಾವಿದೆ ಬಡವರಾಗಿದ್ದಾರೆ ಎಂದೇ ಅರ್ಥ. ಶೇ 40 ಕಮಿಷನ್‌ಗೆ 0.60ರಿಂದ ಭಾಗಿಸಿದರೆ ಸುಮಾರು 31,700. ಚಿತ್ರದ ಬೆಲೆ ಅದಕ್ಕಿಂತ ಮೇಲಿರಬೇಕು. ಅವರು 35,000 ಎಂದು ಇಟ್ಟರೆ ಕೈಗೆ 21,000 ಬರುತ್ತದೆ, ಕನಿಷ್ಠ ಮೊತ್ತಕ್ಕಿಂತ 2,000 ಹೆಚ್ಚು. ಇದೇ ಚಿತ್ರವನ್ನು ಶೇ 50 ಕೇಳುವ ಗ್ಯಾಲರಿಗೆ ಕೊಟ್ಟರೆ 17,500 ಬರುತ್ತದೆ, ಅಂದರೆ 1,500 ನಷ್ಟ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ಒಂದು ಭಾಗಾಕಾರ ಮಾಡಿ ನೋಡಿದರೆ ಸಾಕು.

ಗಂಟೆಯ ಲೆಕ್ಕವನ್ನು ಕೊಳ್ಳುಗರ ಮುಂದೆ ಇಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಕಲಾವಿದರ ಒಳಲೆಕ್ಕ. ಒಂದು ಚಿತ್ರ ಹತ್ತು ಗಂಟೆಯಲ್ಲಿ ಒಲಿದು ಬರುತ್ತದೆ, ಇನ್ನೊಂದು ನೂರು ಗಂಟೆ ಕಾಡುತ್ತದೆ. ಕಾಡಿದ್ದು ಹೆಚ್ಚು ಒಳ್ಳೆಯ ಚಿತ್ರವೇನೂ ಆಗಿರಬೇಕಾಗಿಲ್ಲ. ಒಂದೇ ಅಳತೆಯ ಎರಡು ಕ್ಯಾನ್ವಾಸ್‌ಗಳು ಅಕ್ಕಪಕ್ಕದಲ್ಲಿದ್ದು, ಒಂದಕ್ಕೆ 20,000, ಇನ್ನೊಂದಕ್ಕೆ 60,000 ಎಂದಿದ್ದರೆ ಕೊಳ್ಳುಗರಿಗೆ ಬೆಲೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಆದ್ದರಿಂದಲೇ ಬೆಲೆಪಟ್ಟಿ ಅಳತೆಯ ಮೇಲೆ ನಿಲ್ಲುವುದು. ಸರಾಸರಿ ಚಿತ್ರಕ್ಕೆ ಎಷ್ಟು ಗಂಟೆ ಬೇಕೋ ಅದನ್ನು ಕನಿಷ್ಠ ಮೊತ್ತ ಕಂಡುಕೊಳ್ಳಲು ಮಾತ್ರ ಬಳಸಬೇಕು. ಮನಸ್ಸಿಗೆ ತೀರಾ ಹತ್ತಿರವಾದ ಚಿತ್ರಕ್ಕೆ ಬೆಲೆ ಏರಿಸುವ ಆಸೆಯಾದರೆ ಅದನ್ನು ಮಾರಾಟಕ್ಕೇ ಇಡದಿರುವುದು ಒಳ್ಳೆಯದು.

ಅಳತೆಯಲ್ಲಿ ಅಡಗಿರುವ ತೊಡಕು

ಹೆಚ್ಚು ಬಳಕೆಯಲ್ಲಿರುವುದು ಚದರ ಇಂಚಿನ ಲೆಕ್ಕ. ಉದ್ದವನ್ನು ಅಗಲದಿಂದ ಗುಣಿಸಿ, ಬಂದ ಚದರ ಇಂಚನ್ನು ಒಂದು ದರದಿಂದ ಗುಣಿಸುವುದು. ನಮ್ಮ ಕಲಾವಿದೆಯ 24×36ರ ಚಿತ್ರ 864 ಚದರ ಇಂಚು. ಚದರ ಇಂಚಿಗೆ 40 ರೂಪಾಯಿ ಎಂದರೆ 34,560, ದುಂಡಾಗಿಸಿದರೆ 35,000. ಇಷ್ಟರಮಟ್ಟಿಗೆ ಸರಿಯಾಗಿಯೇ ಇದೆ.

ಅದೇ ದರವನ್ನು ಚಿಕ್ಕ ಚಿತ್ರಕ್ಕೆ ಹಾಕಿ ನೋಡಿ. 12×12 ಎಂದರೆ 144 ಚದರ ಇಂಚು, ಬೆಲೆ 5,760. ಗ್ಯಾಲರಿಯ ಪಾಲು ಕಳೆದರೆ ಕೈಗೆ 3,456. ಆದರೆ ಚಿಕ್ಕ ಚಿತ್ರಕ್ಕೂ ಯೋಚನೆ ಬೇಕು, ಕರಡು ರೇಖಾಚಿತ್ರ ಬೇಕು, ಬಣ್ಣ ಕಲಸಬೇಕು, ಪ್ಯಾಲೆಟ್ ತೊಳೆಯಬೇಕು. ಅಳತೆ ಆರನೇ ಒಂದು ಭಾಗವಾದರೆ ಕೆಲಸ ಆರನೇ ಒಂದು ಭಾಗವಾಗುವುದಿಲ್ಲ. 14 ಗಂಟೆ ಕೆಲಸ, ಸಾಮಗ್ರಿ, ಬಾಡಿಗೆಯ ಪಾಲು ಎಲ್ಲ ಸೇರಿ ಅವರ ಕನಿಷ್ಠ ಮೊತ್ತ 6,100 ಎಂದುಕೊಂಡರೆ, ಪ್ರತಿ ಚಿಕ್ಕ ಚಿತ್ರವೂ ಹತ್ತಿರಹತ್ತಿರ ಅರ್ಧ ನಷ್ಟಕ್ಕೆ ಮಾರಾಟವಾಗುತ್ತಿರುತ್ತದೆ. ಚಿತ್ರಸಂತೆಯಲ್ಲಿ ಬೇಗ ಖಾಲಿಯಾಗುವುದು ಚಿಕ್ಕ ಚಿತ್ರಗಳೇ ಆದ್ದರಿಂದ ವ್ಯಾಪಾರ ಚೆನ್ನಾಯಿತು ಎನ್ನಿಸುತ್ತದೆ, ನಷ್ಟ ಕಣ್ಣಿಗೆ ಬೀಳುವುದಿಲ್ಲ.

ದೊಡ್ಡ ಚಿತ್ರದಲ್ಲಿ ಇದರ ತಿರುವುಮುರುವು. 48×60 ಇಂಚಿನ, ಅಂದರೆ ನಾಲ್ಕಡಿ ಐದಡಿಯ ಕ್ಯಾನ್ವಾಸ್ 2,880 ಚದರ ಇಂಚು. 40ರ ದರದಲ್ಲಿ 1,15,200. ಈವರೆಗೆ 35,000ಕ್ಕಿಂತ ಮೇಲೆ ಒಂದು ಚಿತ್ರವನ್ನೂ ಮಾರದ ಕಲಾವಿದೆಯ ಹೆಸರಿಗೆ ಆ ಬೆಲೆ ಹೊಂದುವುದಿಲ್ಲ. ಅಷ್ಟು ದೊಡ್ಡ ಗೋಡೆ ಇರುವ ಮನೆಗಳೂ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕಡಿಮೆ.

ಇದನ್ನು ಸರಿಪಡಿಸಲು ಕೆಲವರು ಉದ್ದ ಮತ್ತು ಅಗಲವನ್ನು ಗುಣಿಸುವ ಬದಲು ಕೂಡಿಸುತ್ತಾರೆ. 24ಕ್ಕೆ 36 ಕೂಡಿಸಿದರೆ 60 ಇಂಚು. 35,000 ಬರಬೇಕಾದರೆ ಇಂಚಿಗೆ ಸುಮಾರು 583. ಈ ಲೆಕ್ಕದಲ್ಲಿ 12×12ಕ್ಕೆ 14,000 ಬರುತ್ತದೆ, 48×60ಕ್ಕೆ 63,000. ಈಗ ಚಿಕ್ಕದು ದುಬಾರಿ. ದೊಡ್ಡದಕ್ಕೆ 90 ಗಂಟೆ ಕೆಲಸ, ಸಾಮಗ್ರಿ, ಬಾಡಿಗೆ ಸೇರಿ 45,000 ಕನಿಷ್ಠ ಮೊತ್ತ ಎಂದಿಟ್ಟುಕೊಂಡರೆ 75,000 ಬೆಲೆ ಬೇಕಿತ್ತು, 63,000 ಸಾಲದು. ಒಂದು ಲೆಕ್ಕ ಅತ್ತ ವಾಲಿದರೆ ಇನ್ನೊಂದು ಇತ್ತ ವಾಲುತ್ತದೆ. ತಮ್ಮ ಎಲ್ಲ ಚಿತ್ರಗಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿದ್ದರೆ ಯಾವುದನ್ನು ಬಳಸಿದರೂ ನಡೆಯುತ್ತದೆ. ಅಳತೆಗಳಲ್ಲಿ ತುಂಬಾ ಅಂತರವಿದ್ದರೆ ನಡೆಯುವುದಿಲ್ಲ.

ನನಗೆ ಸರಿ ಕಾಣುವುದು ಹಂತಹಂತವಾಗಿ ಇಳಿಯುವ ಚದರ ಇಂಚಿನ ದರ, ಆದಾಯ ತೆರಿಗೆಯ ಸ್ಲ್ಯಾಬ್‌ಗಳ ಹಾಗೆ. ಮೊದಲ 200 ಚದರ ಇಂಚಿಗೆ 70 ರೂಪಾಯಿಯಂತೆ. ಅದರ ಮೇಲೆ 1,000ದವರೆಗಿನ ಭಾಗಕ್ಕೆ 32ರಂತೆ. 1,000 ದಾಟಿದ ಭಾಗಕ್ಕೆ 20ರಂತೆ.

24×36ಕ್ಕೆ ಹಾಕಿ ನೋಡೋಣ. ಮೊದಲ 200ಕ್ಕೆ 14,000. ಉಳಿದ 664ಕ್ಕೆ 32ರಂತೆ 21,248. ಒಟ್ಟು 35,248, ಬೆಲೆಪಟ್ಟಿಯಲ್ಲಿ 35,000. ಚಿಕ್ಕ 12×12 ಪೂರ್ತಿ ಮೊದಲ ಸ್ಲ್ಯಾಬ್‌ನಲ್ಲೇ ಮುಗಿಯುತ್ತದೆ: 10,080, ದುಂಡಾಗಿಸಿ 10,500 ಮಾಡಿದರೆ ಕೈಗೆ 6,300, ಕನಿಷ್ಠ ಮೊತ್ತ ಗಿಟ್ಟುತ್ತದೆ. ದೊಡ್ಡ 48×60ಕ್ಕೆ 14,000, ಅದರ ಮೇಲೆ 800 ಚದರ ಇಂಚಿಗೆ 25,600, ಮತ್ತೆ 1,880 ಚದರ ಇಂಚಿಗೆ 37,600, ಒಟ್ಟು 77,200. 77,000 ಎಂದು ಬರೆದರೆ ಕೈಗೆ 46,200. ಮೂರು ಅಳತೆಗಳಲ್ಲೂ ಕಲಾವಿದೆ ಉಳಿದುಕೊಂಡರು, ಕೊಳ್ಳುಗರಿಗೂ ಏರಿಕೆ ಸಹಜವಾಗಿ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ದೊಡ್ಡ ಚಿತ್ರದ ಪೂರ್ತಿ ಅಳತೆಗೂ ಕಡಿಮೆ ದರ ಹಾಕಿಬಿಟ್ಟರೆ ಬೆಲೆ ತಲೆಕೆಳಗಾಗುತ್ತದೆ. 1,000 ಚದರ ಇಂಚಿನ ಚಿತ್ರಕ್ಕೆ ಮೇಲಿನಂತೆ ಲೆಕ್ಕ ಹಾಕಿದರೆ 39,600 ಬರುತ್ತದೆ. ಅದಕ್ಕಿಂತ ತುಸು ದೊಡ್ಡದಾದ 1,100 ಚದರ ಇಂಚಿನ ಚಿತ್ರಕ್ಕೆ ಇಡಿಯಾಗಿ 20ರ ದರ ಹಾಕಿದರೆ 22,000. ದೊಡ್ಡ ಚಿತ್ರ ಚಿಕ್ಕದಕ್ಕಿಂತ ಅಗ್ಗ! ಇಳಿದ ದರ ಸ್ಲ್ಯಾಬ್ ದಾಟಿದ ಭಾಗಕ್ಕೆ ಮಾತ್ರ ಅನ್ವಯಿಸಬೇಕು.

ಮಾಧ್ಯಮ ಮತ್ತು ಫ್ರೇಮ್

ಮೇಲಿನ ದರ ಕ್ಯಾನ್ವಾಸ್ ಮೇಲಿನ ಅಕ್ರಿಲಿಕ್‌ಗೆ. ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದ ಮಾಧ್ಯಮಗಳಿಗೆ ಒಂದು ಗುಣಕ ಇಟ್ಟುಕೊಳ್ಳಬಹುದು. ತೈಲವರ್ಣಕ್ಕೆ ಶೇ 10ರಿಂದ 20ರಷ್ಟು ಹೆಚ್ಚು ಇಡುವುದು ನ್ಯಾಯವೇ. ಬಣ್ಣ ದುಬಾರಿ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕಾಯುವಿಕೆ. ತೈಲವರ್ಣದ ಪದರಗಳು ಒಣಗಲು ದಿನಗಳು, ದಪ್ಪವಾಗಿ ಹಚ್ಚಿದ್ದರೆ ವಾರಗಳು ಬೇಕು. ಸಾಂಪ್ರದಾಯಿಕ ಕೊನೆಯ ವಾರ್ನಿಷ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ. ಅಷ್ಟು ದಿನ ಹಾಕಿದ ಹಣವೂ ಜಾಗವೂ ಆ ಚಿತ್ರಕ್ಕೇ ಕಟ್ಟುಬಿದ್ದಿರುತ್ತವೆ.

ಕಾಗದದ ಮೇಲಿನ ಜಲವರ್ಣ, ಇದ್ದಿಲು, ಪೆನ್ಸಿಲ್ ಕೆಲಸಗಳಿಗೆ ಮಾರುಕಟ್ಟೆ ಕ್ಯಾನ್ವಾಸ್‌ಗಿಂತ ಕಡಿಮೆ ಕೊಡುತ್ತದೆ. ಜಲವರ್ಣ ಸುಲಭ ಎಂಬ ಕಾರಣಕ್ಕಲ್ಲ. ಅದರಲ್ಲಿ ತಪ್ಪಿದ ಗೆರೆಯನ್ನು ಮುಚ್ಚಲೂ ಆಗದು, ಜಲವರ್ಣ ಬಿಡಿಸುವವರ ಬಗ್ಗೆ ನನಗೆ ಅಪಾರ ಗೌರವವಿದೆ. ಕಾಗದಕ್ಕೆ ತೇವ, ಬೂಷ್ಟು, ಬಿಸಿಲಿನ ಭಯವಿದೆ. ಗಾಜಿನ ಹಿಂದೆಯೇ ಇಡಬೇಕು. ಆ ಖರ್ಚನ್ನೂ ಕಾಳಜಿಯನ್ನೂ ಕೊಳ್ಳುಗರು ಬೆಲೆಯಿಂದ ಕಳೆಯುತ್ತಾರೆ. ಕ್ಯಾನ್ವಾಸ್ ಬೆಲೆಯ ಶೇ 60ರಿಂದ 70 ಇಟ್ಟರೆ ಸರಿಹೋಗುತ್ತದೆ.

ಜಲವರ್ಣದ ಹಾಳೆಯ ಒಂದು ರೂಢಿಯ ಅಳತೆ 22×30 ಇಂಚು. ಅದರ ಅರ್ಧ 15×22. ಅರ್ಧ ಹಾಳೆ ಪೂರ್ತಿ ಬಿಡಿಸಿದರೆ 330 ಚದರ ಇಂಚು. ನಮ್ಮ ಸ್ಲ್ಯಾಬ್‌ನಲ್ಲಿ 14,000ಕ್ಕೆ 4,160 ಸೇರಿ 18,160. ಅದರ ಶೇ 65 ಎಂದರೆ 11,800ರಷ್ಟು. 12,000 ಎಂದು ಬರೆಯೋಣ. ಅಳತೆ ಹಿಡಿಯಬೇಕಾದದ್ದು ಚಿತ್ರದ್ದು ಮಾತ್ರ. ಸುತ್ತ ಮೂರು ಇಂಚು ಮೌಂಟ್ ಬಿಟ್ಟು ಫ್ರೇಮ್ ಹಾಕಿಸಿದರೆ ಅದು 21×28 ಆಗಿ ಬೆಳೆಯುತ್ತದೆ, ಚದರ ಇಂಚು ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಆ ಹೊರಗಿನ ಅಳತೆಗೆ ಬೆಲೆ ಕಟ್ಟಿದರೆ ಬರೀ ಮೌಂಟ್ ಕಾಗದವನ್ನು ಕಲೆಯ ದರದಲ್ಲಿ ಮಾರಿದಂತಾಗುತ್ತದೆ.

ಫ್ರೇಮ್‌ನ ಹಣ ಸದ್ದಿಲ್ಲದೆ ಸೋರಿಹೋಗುವ ಜಾಗ. ಫ್ರೇಮ್‌ಗೆ 3,000 ಕೊಟ್ಟಿದ್ದೀರಿ, ಅದನ್ನು 12,000ಕ್ಕೆ ಸೇರಿಸಿ 15,000 ಬರೆದಿರಿ. ಗ್ಯಾಲರಿ 15,000ದ ಮೇಲೆ ಶೇ 40 ತೆಗೆದುಕೊಂಡರೆ ನಿಮಗೆ 9,000; ಫ್ರೇಮ್ ಖರ್ಚು ಕಳೆದರೆ 6,000. ಫ್ರೇಮ್ ಇಲ್ಲದೆ 12,000ಕ್ಕೆ ಮಾರಿದ್ದರೆ 7,200 ಬರುತ್ತಿತ್ತು! ಚೆಂದವಾಗಿ ಫ್ರೇಮ್ ಹಾಕಿಸಿದ್ದಕ್ಕೆ 1,200 ದಂಡ. ಫ್ರೇಮ್ ಖರ್ಚನ್ನೂ 0.60ರಿಂದ ಭಾಗಿಸಿ, 5,000 ಸೇರಿಸಿ 17,000 ಎಂದು ಬರೆದರೆ ಸಮವಾಗುತ್ತದೆ. ಇಲ್ಲವೆಂದರೆ ಫ್ರೇಮ್ ಹಣವನ್ನು ಮೊದಲು ಕಳೆದು, ಉಳಿದುದರ ಮೇಲೆ ಮಾತ್ರ ಕಮಿಷನ್ ಎಂದು ಗ್ಯಾಲರಿಯವರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು. ಕೊಳ್ಳುಗರಿಗೆ ಎರಡನೆಯದೇ ಒಳ್ಳೆಯದು, ಬೆಲೆ 15,000ದಲ್ಲೇ ನಿಲ್ಲುತ್ತದೆ.

ಅಳತೆಯ ಲೆಕ್ಕ ಪೂರ್ತಿ ಕೈಕೊಡುವ ಒಂದು ಜಾಗ ನಮ್ಮಲ್ಲೇ ಇದೆ: ಮೈಸೂರು ಸಾಂಪ್ರದಾಯಿಕ ಚಿತ್ರಕಲೆ. ಗೆಸ್ಸೊ ಉಬ್ಬುಕೆಲಸ, ಅದರ ಮೇಲೆ ಚಿನ್ನದ ಹಾಳೆ, ಆಭರಣದ ಒಂದೊಂದು ಮಣಿಗೂ ಕೂದಲೆಳೆಯ ಕುಂಚ. ಒಂದಡಿಯ ದೇವಿಯ ಚಿತ್ರ ಮೂರಡಿಯ ನಿಸರ್ಗ ಚಿತ್ರಕ್ಕಿಂತ ಹೆಚ್ಚು ವಾರಗಳನ್ನು ತೆಗೆದುಕೊಳ್ಳಬಹುದು. ಇಲ್ಲಿ ಗಂಟೆಗಳನ್ನೂ, ಬಳಸಿದ ಚಿನ್ನದ ಹಾಳೆಯ ಅಂದಿನ ಬೆಲೆಯನ್ನೂ ಲೆಕ್ಕ ಹಾಕಿ, 0.60ರಿಂದ ಭಾಗಿಸುವುದೇ ಸರಿ. ಚದರ ಇಂಚಿನ ಸ್ಲ್ಯಾಬ್ ಇದಕ್ಕೆ ಒಗ್ಗುವುದಿಲ್ಲ.

ಅನುಭವಕ್ಕೆ ದರ ಎಲ್ಲಿಂದ ಬಂತು?

70, 32, 20 ಎಂಬ ಅಂಕಿಗಳನ್ನು ಯಾರು ಹೇಳಿದರು? ಕೆಳಗಿನಿಂದ ಕನಿಷ್ಠ ಮೊತ್ತ ಹೇಳಿತು. ಪಕ್ಕದಿಂದ ಮಾರುಕಟ್ಟೆ ಹೇಳಬೇಕು. ಅನುಭವ ಬೆಲೆಯೊಳಗೆ ಬರುವುದು ಈ ಪಕ್ಕದ ದಾರಿಯಿಂದ.

ಚಿತ್ರಕಲಾ ಪರಿಷತ್ತಿನಲ್ಲೋ ನಗರದ ಖಾಸಗಿ ಗ್ಯಾಲರಿಗಳಲ್ಲೋ ಪ್ರದರ್ಶನ ನಡೆಯುವಾಗ ಮೇಜಿನ ಮೇಲೆ ಬೆಲೆಪಟ್ಟಿ ಇರುತ್ತದೆ; ಇಲ್ಲದಿದ್ದರೆ ಕೇಳಿದರೆ ಕೊಡುತ್ತಾರೆ. ನಿಮ್ಮಷ್ಟೇ ಪ್ರದರ್ಶನಗಳನ್ನು ಮಾಡಿರುವ, ನಿಮ್ಮದೇ ಮಾಧ್ಯಮದ ಐದಾರು ಕಲಾವಿದರ ಅಳತೆ ಮತ್ತು ಬೆಲೆಯನ್ನು ಬರೆದುಕೊಳ್ಳಿ. ಗೋಡೆಯ ಮೇಲೆ ಯಾವ ಚಿತ್ರದ ಪಕ್ಕದಲ್ಲಿ ಕೆಂಪು ಚುಕ್ಕೆ ಅಂಟಿಸಿದ್ದಾರೆ ಎಂಬುದನ್ನು ಅದಕ್ಕಿಂತ ಗಮನವಿಟ್ಟು ನೋಡಿ. ಕೆಂಪು ಚುಕ್ಕೆ ಎಂದರೆ ಮಾರಾಟವಾಗಿದೆ. ಪಟ್ಟಿಯಲ್ಲಿ ಬರೆದ ಬೆಲೆ ಕಲಾವಿದರ ಆಸೆ. ಚುಕ್ಕೆ ಬಿದ್ದ ಬೆಲೆಯನ್ನು ಮಾತ್ರ ಯಾರೋ ಒಬ್ಬರು ಒಪ್ಪಿದ್ದಾರೆ. ಪ್ರದರ್ಶನದ ಕೊನೆಯ ದಿನ ಹೋದರೆ ಇದು ಚೆನ್ನಾಗಿ ಕಾಣುತ್ತದೆ. ಪತ್ರಿಕೆಗಳಲ್ಲಿ ಬರುವ ಹರಾಜಿನ ಕೋಟಿಗಳಿಂದ ಇಲ್ಲಿ ಕಲಿಯುವುದು ಏನೂ ಇಲ್ಲ, ಅದು ಮರುಮಾರಾಟದ ಬೇರೆಯೇ ಲೋಕ.

ಅನುಭವವನ್ನು ವರ್ಷಗಳಲ್ಲಿ ಅಳೆಯುವವರು ಬೇಸರಪಡಬೇಕಾಗುತ್ತದೆ. ಇಪ್ಪತ್ತು ವರ್ಷ ಬಿಡಿಸಿಯೂ ಒಮ್ಮೆಯೂ ಪ್ರದರ್ಶಿಸದವರಿಗೆ ಮಾರುಕಟ್ಟೆ ಹೊಸಬರ ದರವನ್ನೇ ಕೊಡುತ್ತದೆ. ಕಠೋರ, ಆದರೆ ಹಾಗಿದೆ. ದರವನ್ನು ಮೇಲಕ್ಕೆ ಎತ್ತುವುದು ಏಕವ್ಯಕ್ತಿ ಪ್ರದರ್ಶನ, ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನದಲ್ಲಿ ಆಯ್ಕೆ ಅಥವಾ ಬಹುಮಾನ, ಒಂದು ಸಂಸ್ಥೆಯ ಸಂಗ್ರಹಕ್ಕೆ ಸೇರಿದ ಚಿತ್ರ, ಎಲ್ಲಕ್ಕಿಂತ ಮೇಲಾಗಿ ಗೆಳೆಯರು ಬಂಧುಗಳಲ್ಲದವರು ಕೊಂಡ ದಾಖಲೆ. ಆ ದಾಖಲೆಗಾಗಿ ಪ್ರತಿ ಮಾರಾಟವನ್ನೂ ದಿನಾಂಕ, ಅಳತೆ, ಬೆಲೆ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಏರಿಸುವುದು ಯಾವಾಗ? ಒಂದು ವರ್ಷದಲ್ಲಿ ಬಿಡಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ವರ್ಷವೇ ಮಾರಾಟವಾಗುತ್ತಿದ್ದರೆ ಮೂರು ಸ್ಲ್ಯಾಬ್‌ಗಳನ್ನೂ ಒಟ್ಟಿಗೆ ಶೇ 10ರಷ್ಟು ಏರಿಸಬಹುದು. ಆಗ ನಮ್ಮ 35,000ದ ಚಿತ್ರ 39,000ಕ್ಕೆ ಹತ್ತಿರವಾಗುತ್ತದೆ. ಮನೆಯಲ್ಲಿ ಉಳಿದಿರುವ ಹಳೆಯ ಚಿತ್ರಗಳಿಗೂ ಹೊಸ ಪಟ್ಟಿಯೇ ಅನ್ವಯ. ಒಂದು ದೊಡ್ಡ ಮಾರಾಟದ ಖುಷಿಯಲ್ಲಿ ದರವನ್ನು ಎರಡರಷ್ಟು ಮಾಡಿದರೆ ಮುಂದೆ ಇಳಿಸಬೇಕಾಗಿ ಬರುತ್ತದೆ, ಇಳಿಸುವುದು ನಿಮ್ಮ ಚಿತ್ರವನ್ನು ಈಗಾಗಲೇ ಕೊಂಡವರಿಗೆ ಮಾಡುವ ಅನ್ಯಾಯ. ಮಾರಾಟ ನಿಂತುಹೋದರೆ ಪಟ್ಟಿಯನ್ನು ಹಾಗೇ ಬಿಟ್ಟು ಚಿಕ್ಕ ಅಳತೆಯವನ್ನು, ಕಾಗದದ ಮೇಲಿನವನ್ನು ಹೆಚ್ಚು ಬಿಡಿಸಿ. ಕಡಿಮೆ ಹಣದವರಿಗೂ ಬಾಗಿಲು ತೆರೆದಿರುತ್ತದೆ, ದರವೂ ಮುರಿಯುವುದಿಲ್ಲ.

ಸಂತೆಯಲ್ಲೂ ಅದೇ ಬೆಲೆ

ಚಿತ್ರಸಂತೆಯಲ್ಲಿ 35,000ಕ್ಕೇ ಮಾರಿದರೆ ಗ್ಯಾಲರಿಗೆ ಹೋಗುತ್ತಿದ್ದ 14,000 ಕಲಾವಿದೆಗೇ ಉಳಿಯಿತಲ್ಲ, ಅದು ಅತಿಯಾಸೆಯಲ್ಲವೇ ಎಂದು ಕೆಲವರು ಅಳುಕುತ್ತಾರೆ. ಅಳುಕಬೇಕಾಗಿಲ್ಲ. ಆ ದಿನ ಗ್ಯಾಲರಿ ಮಾಡುವ ಕೆಲಸವನ್ನೆಲ್ಲ ಮಾಡಿದವರು ಅವರೇ. ವಾಹನ ಗೊತ್ತುಮಾಡಿ ಚಿತ್ರ ಸಾಗಿಸಿದರು, ಬೆಳಗಿನಿಂದ ಸಂಜೆಯವರೆಗೆ ನಿಂತು ಸಾವಿರ ಜನಕ್ಕೆ ವಿವರಿಸಿದರು, ಬಬಲ್ ಹಾಳೆ ಸುತ್ತಿ ಕಳಿಸಿಕೊಟ್ಟರು. ಆ 14,000 ಮಾರಿದವರ ಕೂಲಿ.

ಬಾಡಿಗೆಗೆ ಸಭಾಂಗಣ ಹಿಡಿದು ಪ್ರದರ್ಶನ ಮಾಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಒಂದು ವಾರದ ಬಾಡಿಗೆ, ಆಮಂತ್ರಣ ಪತ್ರ, ಸಾಗಣೆ, ಉದ್ಘಾಟನೆಯ ಚಹಾ ತಿಂಡಿ ಎಲ್ಲ ಸೇರಿ 60,000 ಆಯಿತೆನ್ನಿ. 35,000ದ ಮೂರು ಚಿತ್ರ ಮಾರಾಟವಾದರೆ ಬಂದದ್ದು 1,05,000. ಖರ್ಚು ಅದರ ಶೇ 57. ಶೇ 40 ಕೇಳಿದ ಗ್ಯಾಲರಿ ದುಬಾರಿ ಎಂದು ಬಿಟ್ಟುಬಂದವರು ಅದಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತಾರೆ. ಐದು ಮಾರಾಟವಾದರೆ ಶೇ 34ಕ್ಕೆ ಇಳಿಯುತ್ತದೆ. ಅಂದರೆ ಐದನೆಯ ಚಿತ್ರ ಮಾರುವವರೆಗೆ ಗ್ಯಾಲರಿಯೇ ಅಗ್ಗ. ಅಲ್ಲಿ ಒಂದೂ ಮಾರಾಟವಾಗದಿದ್ದರೆ ಸಾಮಾನ್ಯವಾಗಿ ಕಮಿಷನ್ ಕೊಡಬೇಕಾಗಿಲ್ಲ, ಇಲ್ಲಿ 60,000 ಪೂರ್ತಿ ಹೋಗಿರುತ್ತದೆ.

ಸಂತೆಯಲ್ಲಿ ಚೌಕಾಸಿ ಇದ್ದೇ ಇರುತ್ತದೆ. ಗ್ಯಾಲರಿಯಲ್ಲಿ ಎಷ್ಟು ರಿಯಾಯಿತಿಗೆ ಅವಕಾಶ ಕೊಟ್ಟಿದ್ದೀರೋ ಅಷ್ಟೇ ಇಲ್ಲೂ ಬಿಡಿ. ಶೇ 10ರ ಆಚೆ ಹೋಗಬೇಡಿ. ಸಂಜೆಯ ಹೊತ್ತಿಗೆ ಅರ್ಧ ಬೆಲೆಗೆ ಕೊಟ್ಟ ಒಂದು ದೊಡ್ಡ ಚಿತ್ರದ ಸುದ್ದಿ ಬೆಳಿಗ್ಗೆ ಪೂರ್ತಿ ಬೆಲೆ ಕೊಟ್ಟು ಕೊಂಡವರ ಕಿವಿಗೂ ಬೀಳುತ್ತದೆ.

ಸಹಿ ಹಾಕುವ ಮೊದಲು

ನಮ್ಮ ಕಲಾವಿದೆಗೆ ಉಳಿದಿದ್ದ 2,000 ಎಷ್ಟು ತೆಳುವಾದದ್ದು ಎಂಬುದು ಗ್ಯಾಲರಿಯ ಒಪ್ಪಂದ ಪತ್ರ ಓದಿದಾಗ ತಿಳಿಯುತ್ತದೆ. ಕೊಳ್ಳುಗರು ಶೇ 10 ರಿಯಾಯಿತಿ ಕೇಳಿದರು, ಚಿತ್ರ 31,500ಕ್ಕೆ ಹೋಯಿತು. ಇಬ್ಬರೂ ಹಂಚಿಕೊಂಡರೆ ಕಲಾವಿದೆಗೆ 18,900. ಗ್ಯಾಲರಿ ತನ್ನ 14,000ವನ್ನು ಮುಟ್ಟದೆ ರಿಯಾಯಿತಿಯನ್ನು ಅವರ ತಲೆಗೇ ಕಟ್ಟಿದರೆ 17,500. ಒಳಾಂಗಣ ವಿನ್ಯಾಸಕರು ಗಿರಾಕಿಯನ್ನು ಕರೆತಂದು ತಮಗೆ ಶೇ 15 ಕೇಳಿದರೆ, ಅದು ಗ್ಯಾಲರಿಯ ಪಾಲಿನಿಂದ ಹೋಗಬೇಕೋ ಒಟ್ಟು ಬೆಲೆಯಿಂದಲೋ ಎಂಬುದೂ ಬರವಣಿಗೆಯಲ್ಲಿರಬೇಕು. ಒಟ್ಟು ಬೆಲೆಯಿಂದ ಹೋದರೆ ಕಲಾವಿದೆಗೆ ಸಿಗುವುದು 17,850.

ಇನ್ನು ಜಿಎಸ್‌ಟಿ. ಕೈಯಿಂದ ಬಿಡಿಸಿದ ಮೂಲ ಚಿತ್ರಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ಇದನ್ನು ಬೆಲೆಯ ಮೇಲೆ ಬೇರೆಯಾಗಿ ತೋರಿಸಬೇಕು, ಕಮಿಷನ್ ಅನ್ನು ತೆರಿಗೆಗೆ ಮುಂಚಿನ ಬೆಲೆಯ ಮೇಲೆ ಮಾತ್ರ ಲೆಕ್ಕ ಹಾಕಬೇಕು. ಕಾಣದೆ ಕೂತಿರುವುದು ಇನ್ನೊಂದು. ಗ್ಯಾಲರಿ ತನ್ನ ಕಮಿಷನ್ ಅನ್ನು ಕಲಾವಿದರಿಗೆ ಸಲ್ಲಿಸಿದ ಸೇವೆ ಎಂದು ಬಿಲ್ ಮಾಡಿದರೆ ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. 14,000ಕ್ಕೆ 2,520. ಜಿಎಸ್‌ಟಿ ನೋಂದಣಿ ಇಲ್ಲದ ಕಲಾವಿದರಿಗೆ ಅದು ಮರಳಿ ಸಿಗುವುದಿಲ್ಲ. 21,000 ಎಂದುಕೊಂಡಿದ್ದು 18,480 ಆಗುತ್ತದೆ, ಕನಿಷ್ಠ ಮೊತ್ತಕ್ಕಿಂತ ಕೆಳಗೆ. ಹಾಗಾಗಿ ಕೇಳಬೇಕಾದ ಪ್ರಶ್ನೆ: "ನಿಮ್ಮ ಶೇ 40 ತೆರಿಗೆ ಸೇರಿಯೋ, ತೆರಿಗೆ ಬಿಟ್ಟೋ?" ತೆರಿಗೆ ಬಿಟ್ಟು ಎಂದರೆ ನಿಜವಾದ ಕಡಿತ ಶೇ 47.2.

ಬೆಲೆಪಟ್ಟಿ ಇನ್ನೂ ಹೊರಬಿದ್ದಿಲ್ಲದಿದ್ದರೆ ಇದೆಲ್ಲವನ್ನೂ ಒಳಗಿಟ್ಟೇ ಲೆಕ್ಕ ಹಾಕಬಹುದು. ಶೇ 47.2 ಕಡಿತವಾದರೆ ಉಳಿಯುವುದು 0.528, ಶೇ 10 ರಿಯಾಯಿತಿಗೆ 0.90.

```
19,000 ÷ 0.528 ÷ 0.90 = 39,983
```

ಅಂದರೆ 24×36ರ ಚಿತ್ರಕ್ಕೆ 40,000. ಸ್ಲ್ಯಾಬ್‌ಗಳನ್ನು 80, 36, 23 ಎಂದು ಮಾಡಿಕೊಂಡರೆ ಅಲ್ಲಿಗೆ ತಲುಪುತ್ತದೆ. ಆ 40,000ವನ್ನು ಕೆಂಪು ಚುಕ್ಕೆ ನೋಡಿ ಬರೆದುಕೊಂಡ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ನಿಮ್ಮ ಸಾಲಿನ ಕಲಾವಿದರು ಅಷ್ಟೇ ಅಳತೆಗೆ ಆ ಬೆಲೆಯ ಆಸುಪಾಸಿನಲ್ಲಿ ಮಾರುತ್ತಿದ್ದರೆ ಪಟ್ಟಿ ಸಿದ್ಧ. ಅವರೆಲ್ಲ 30,000ದಲ್ಲೇ ನಿಂತಿದ್ದರೆ ತೆರಿಗೆ ಸೇರಿಸಿಯೇ ಶೇ 40 ಎಂದು ಗ್ಯಾಲರಿಯನ್ನು ಒಪ್ಪಿಸಬೇಕು, ರಿಯಾಯಿತಿ ಇಲ್ಲ ಎಂದು ಬರೆಸಬೇಕು. ಅದಕ್ಕೂ ಒಪ್ಪದಿದ್ದರೆ ಇನ್ನೊಂದೆರಡು ವರ್ಷ ನೇರ ಮಾರಾಟದಲ್ಲೇ, ಇದೇ ಪಟ್ಟಿಯ ಬೆಲೆಯಲ್ಲಿ ಮುಂದುವರಿಯಬೇಕು.